ತಲೆನೋವಿಗೆ ಕಾಫಿ ಮದ್ದೋ, ಮೂಲವೋ?

“ಡಾಕ್ಟ್ರೇ, ಕಾಫಿ ಕುಡಿದರೆ ನನ್ನ ತಲೆನೋವು ಹೋಗುತ್ತೆ. ಇವರು ನೋಡಿದರೆ ಕಾಫಿಯಿಂದಲೇ ಬರೋದು ಅಂತಾರೆ. ನೀವೇ ಹೇಳಿಬಿಡಿ, ಯಾರು ಸರಿ?”

ಹೀಗೆ ಕೇಳಿದವರು ಪ್ರೌಢಶಾಲೆಯಲ್ಲಿ ಪಾಠ ಹೇಳುವ ಮೂವತ್ತೆಂಟು ವರ್ಷದ ಮಹಿಳೆ. ಸಾವಿತ್ರಮ್ಮ ಎಂದು ಕರೆಯೋಣ, ಅವರ ನಿಜವಾದ ಹೆಸರು ಇದಲ್ಲ. ಜೊತೆಯಲ್ಲಿ ಬಂದಿದ್ದ ಯಜಮಾನರು ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ತೀರ್ಪಿಗೆ ಕಾಯುತ್ತಿದ್ದರು. ಇಬ್ಬರೂ ಸರಿ ಎಂದೆ. ಇಬ್ಬರಿಗೂ ಸಮಾಧಾನವಾಗಲಿಲ್ಲ.

ಸಾವಿತ್ರಮ್ಮನವರಿಗೆ ಹದಿನಾರನೇ ವಯಸ್ಸಿನಿಂದ ಅರೆತಲೆನೋವು. ಇದನ್ನೇ ವೈದ್ಯರು ಮೈಗ್ರೇನ್ ಎನ್ನುವುದು. ಅವರ ತಾಯಿಗೂ ಇತ್ತು. ತಲೆಯ ಒಂದು ಪಕ್ಕ ನಾಡಿ ಮಿಡಿದಂತೆ ಪಟಪಟ ಹೊಡೆದುಕೊಳ್ಳುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ, ಹೊಟ್ಟೆ ತೊಳಸುತ್ತದೆ, ಹಳದಿ ನೀರು ವಾಂತಿಯಾಗುತ್ತದೆ. ಈ ಹಳದಿ ವಾಂತಿಯನ್ನು ಕಂಡೇ ನಮ್ಮ ಹಿರಿಯರು ಇದನ್ನು ಪಿತ್ತದ ತಲೆನೋವು ಎಂದು ಕರೆದರು. ಔಷಧಿ ಇಲ್ಲದೆ ಬಿಟ್ಟರೆ ಒಂದು ಸಲದ ನೋವು ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಇರಬಹುದು. ವಾಂತಿ ತಲೆನೋವಿನ ಜೊತೆಗಾರನೇ ಹೊರತು ಅದರ ಕಾರಣವಲ್ಲ. ದೋಷವಿರುವುದು ಹೊಟ್ಟೆಯಲ್ಲಲ್ಲ, ಮಿದುಳಿನ ನರಗಳ ಅತಿಯಾದ ಸೂಕ್ಷ್ಮತೆಯಲ್ಲಿ.

ಇಂಥವರಿಗೆ ಕಾಫಿ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಅಡಿನೋಸಿನ್ ಎಂಬ ಒಂದೇ ಒಂದು ವಸ್ತುವಿನ ಪರಿಚಯ ಸಾಕು. ನಾವು ಎಚ್ಚರವಾಗಿದ್ದು ಮಿದುಳು ಕೆಲಸ ಮಾಡಿದಷ್ಟೂ ಈ ಅಡಿನೋಸಿನ್ ಅಲ್ಲಿ ಶೇಖರವಾಗುತ್ತದೆ. ಮಿದುಳಿನ ಜೀವಕೋಶಗಳ ಮೇಲೆ ಇದಕ್ಕೆಂದೇ ಇರುವ ಗ್ರಾಹಕಗಳಿವೆ, ಬೀಗದ ತೂತುಗಳಂತೆ. ಅಡಿನೋಸಿನ್ ಅಲ್ಲಿ ಹೋಗಿ ಕೂತರೆ ನಿದ್ದೆ ಎಳೆಯುತ್ತದೆ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಮೈಗ್ರೇನ್ ಸ್ವಭಾವದವರಲ್ಲಿ ಇದರಿಂದ ನೋವೂ ಕೆರಳಬಹುದು. ಕಾಫಿಯಲ್ಲಿರುವ ಕೆಫೀನ್ ನೋಡಲು ಅಡಿನೋಸಿನ್‌ನಂತೆಯೇ ಇದೆ. ಅದು ಆ ತೂತಿಗೆ ಹೋಗಿ ಸೇರಿಕೊಳ್ಳುತ್ತದೆ, ಆದರೆ ಬೀಗ ತೆರೆಯುವುದಿಲ್ಲ. ಸುಮ್ಮನೆ ಜಾಗ ಹಿಡಿದು ಕೂರುತ್ತದೆ, ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದಂತೆ. ಅಡಿನೋಸಿನ್ ನಿಂತೇ ಇರಬೇಕಾಗುತ್ತದೆ. ನಿದ್ದೆ ದೂರವಾಗುತ್ತದೆ, ಹಿಗ್ಗಿದ ರಕ್ತನಾಳ ತುಸು ಕುಗ್ಗುತ್ತದೆ, ನೋವು ಇಳಿಯುತ್ತದೆ.

ಕೆಫೀನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನೋವಿನ ಮಾತ್ರೆಯ ಜೊತೆ ಸೇರಿದಾಗ ಆ ಮಾತ್ರೆಯ ಬಲವನ್ನು ಸ್ವಲ್ಪ ಹೆಚ್ಚಿಸುತ್ತದೆ. ಮಾತ್ರೆಯ ಜೊತೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕೆಫೀನ್ ಸೇರಿಸಿ ನೋಡಿದ ಪರೀಕ್ಷೆಗಳಲ್ಲಿ, ಬರೀ ಮಾತ್ರೆ ನುಂಗಿದವರಿಗಿಂತ ನೂರಕ್ಕೆ ಐದರಿಂದ ಹತ್ತು ಜನರಿಗೆ ಹೆಚ್ಚಾಗಿ ಒಳ್ಳೆಯ ಪರಿಹಾರ ಸಿಕ್ಕಿದೆ. ಅದ್ಭುತವೇನೂ ಅಲ್ಲ, ಆದರೆ ಸುಳ್ಳೂ ಅಲ್ಲ. ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಬೆರೆಸುವ ರೂಢಿ ಬಂದಿರುವುದು ಇದಕ್ಕಾಗಿಯೇ.

ಅಲ್ಲಿಗೆ ಸಾವಿತ್ರಮ್ಮನವರ ಮಾತು ಸರಿಯಾಯಿತು. ಇನ್ನು ಯಜಮಾನರ ಮಾತು.

ದಿನವೂ ಮೂರು ನಾಲ್ಕು ಲೋಟ ಕಾಫಿ ಕುಡಿಯುವವರ ಮಿದುಳು ಕೆಲವು ದಿನಗಳಲ್ಲೇ ಒಂದು ವಿಷಯ ಕಂಡುಕೊಳ್ಳುತ್ತದೆ: ಇಲ್ಲಿ ಯಾವಾಗಲೂ ಸೀಟಿನ ಮೇಲೆ ಟವೆಲ್ಲು ಇದ್ದೇ ಇರುತ್ತದೆ. ಆಗ ಅದು ಸೀಟುಗಳನ್ನೇ ಹೆಚ್ಚು ಮಾಡುತ್ತದೆ, ಅಂದರೆ ಅಡಿನೋಸಿನ್ ಗ್ರಾಹಕಗಳ ಸಂಖ್ಯೆ ಏರುತ್ತದೆ. ಕಾಫಿ ಹೊತ್ತುಹೊತ್ತಿಗೆ ಬರುತ್ತಿರುವವರೆಗೆ ಏನೂ ತೊಂದರೆಯಿಲ್ಲ. ಒಂದು ದಿನ ಬರಲಿಲ್ಲ ಎಂದರೆ, ಹೆಚ್ಚಾದ ಎಲ್ಲ ಸೀಟುಗಳಲ್ಲೂ ಅಡಿನೋಸಿನ್ ಒಟ್ಟಿಗೇ ಕೂತುಬಿಡುತ್ತದೆ. ರಕ್ತನಾಳಗಳು ಸಹಜಕ್ಕಿಂತ ಹೆಚ್ಚಾಗಿ ಹಿಗ್ಗುತ್ತವೆ. ತಲೆ ಭಾರ, ಆಕಳಿಕೆ, ಸಿಡಿಮಿಡಿ, ಇಡೀ ತಲೆ ಒತ್ತಿ ಹಿಡಿದಂಥ ನೋವು. ಕೊನೆಯ ಲೋಟವಾಗಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಇದು ಶುರುವಾಗುತ್ತದೆ. ಪೂರ್ತಿ ಬಿಟ್ಟವರಲ್ಲಿ ಒಂದೆರಡು ದಿನದಲ್ಲಿ ಜೋರಾಗಿ, ಸಾಮಾನ್ಯವಾಗಿ ವಾರದೊಳಗೆ ಅಡಗುತ್ತದೆ. ಇದು ಕಾಫಿ ಬಿಟ್ಟ ತಲೆನೋವು. ಗುರುತು ಹಿಡಿಯುವುದೂ ಸುಲಭ: ಒಂದು ಲೋಟ ಕಾಫಿ ಕುಡಿದ ಒಂದು ಗಂಟೆಯೊಳಗೆ ಹೋಗಿಬಿಡುತ್ತದೆ.

ಹೋಗುವುದು ಹೌದು. ಆದರೆ ಕಾಫಿ ಗುಣಪಡಿಸಿದ್ದು ತಾನೇ ತಂದಿಟ್ಟ ನೋವನ್ನು. ಇಲ್ಲೇ ಜನ ಮೋಸಹೋಗುವುದು. ಕಾಫಿ ಕುಡಿದರೆ ತಲೆನೋವು ಹೋಗುತ್ತದೆ, ಆದ್ದರಿಂದ ನನ್ನ ತಲೆನೋವಿಗೆ ಕಾಫಿ ಮದ್ದು ಎಂದು ನಂಬಿಬಿಡುತ್ತಾರೆ. ಮೈಗ್ರೇನ್ ಇರುವವರಲ್ಲಿ ಕಥೆ ಅಲ್ಲಿಗೇ ನಿಲ್ಲದಿರಬಹುದು. ಕಾಫಿ ಬಿಟ್ಟ ಸಾದಾ ನೋವೇ ಅವರ ಸೂಕ್ಷ್ಮ ನರಗಳನ್ನು ಕೆಣಕಿ, ಪೂರ್ತಿ ಮೈಗ್ರೇನ್ ದಾಳಿಯಾಗಿ ತಿರುಗುತ್ತದೆ. ಹಾಗೆ ತಿರುಗಿದ ಮೇಲೆ ಎಷ್ಟು ಲೋಟ ಕುಡಿದರೂ ಪ್ರಯೋಜನ ಕಡಿಮೆ.

ಸಾವಿತ್ರಮ್ಮನವರಿಗೆ ನಾನು ಆ ದಿನ ಬೇರೆ ಮಾತ್ರೆ ಬರೆದುಕೊಡಲಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆರು ವಾರ ಲೆಕ್ಕ ಬರೆಯಲು ಹೇಳಿದೆ. ಎದ್ದ ಹೊತ್ತು, ಕುಡಿದ ಪ್ರತಿ ಲೋಟದ ಹೊತ್ತು, ನೋವು ಶುರುವಾದ ಹೊತ್ತು, ತಲೆಯ ಯಾವ ಭಾಗ, ಏನು ನುಂಗಿದರು, ಯಾವಾಗ ಇಳಿಯಿತು, ಇಷ್ಟೇ. ಮೇಷ್ಟ್ರುಗಳಿಗೆ ಬರೆಯಲು ಹೇಳಿದರೆ ಒಂದು ಅನುಕೂಲ, ಅಚ್ಚುಕಟ್ಟಾಗಿ ಬರೆಯುತ್ತಾರೆ.

ಮೊದಲು ಒಂದು ಲೋಟದಲ್ಲಿ ಎಷ್ಟು ಕೆಫೀನ್ ಇದೆ ಎಂದು ನಾವಿಬ್ಬರೂ ಲೆಕ್ಕ ಹಾಕಿದೆವು. ಇದನ್ನು ಓದುಗರೂ ತಮ್ಮ ಮನೆಯಲ್ಲೇ ಮಾಡಬಹುದು. ಅವರ ಮನೆಯಲ್ಲಿ ಲೋಟಕ್ಕೆ ಸುಮಾರು 10 ಗ್ರಾಂ ಪುಡಿ. ಅಂಗಡಿಯಲ್ಲಿ ತರುವುದು ನೂರಕ್ಕೆ ಎಪ್ಪತ್ತು ಕಾಫಿ, ಮೂವತ್ತು ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ನಿಜವಾದ ಕಾಫಿ 7 ಗ್ರಾಂ. ಅದರಲ್ಲಿ ಅರ್ಧ ಅರೇಬಿಕಾ, ಅರ್ಧ ರೊಬಸ್ಟಾ. ಅರೇಬಿಕಾ ಬೀಜದಲ್ಲಿ ಕೆಫೀನ್ ನೂರಕ್ಕೆ ಸುಮಾರು 1.2 ಪಾಲು, ರೊಬಸ್ಟಾದಲ್ಲಿ ಹೆಚ್ಚು ಕಡಿಮೆ ಅದರ ಎರಡರಷ್ಟು, 2.2 ಪಾಲು ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ 42 ಮತ್ತು 77, ಒಟ್ಟು 119 ಮಿಲಿಗ್ರಾಂ. ಸ್ವಲ್ಪ ಚರಟದಲ್ಲೇ ಉಳಿಯುತ್ತದೆ. ಲೋಟಕ್ಕೆ ನೂರು ಎಂದು ಹಿಡಿದರೆ ತಪ್ಪಿಲ್ಲ. ಎರಡನೇ ಸಲ ನೀರು ಹಾಕಿ ಇಳಿಸಿದ ಡಿಕಾಕ್ಷನ್‌ನಲ್ಲಿ ಇದಕ್ಕಿಂತ ತುಂಬ ಕಡಿಮೆ. ಒಂದು ಚಮಚ ಇನ್‌ಸ್ಟಂಟ್ ಪುಡಿಯ ಕಾಫಿಯಲ್ಲಿ ಅರವತ್ತರ ಸುಮಾರು, ಒಂದು ಸಣ್ಣ ಲೋಟ ಚಹಾದಲ್ಲಿ ನಲವತ್ತರ ಸುಮಾರು. ಕಹಿ ಹೆಚ್ಚಿದ್ದರೆ ಕೆಫೀನ್ ಹೆಚ್ಚು ಎಂದು ತಿಳಿಯಬೇಡಿ. ಚಿಕೋರಿ ಜಾಸ್ತಿ ಬೆರೆತ ಗಟ್ಟಿ ಕಪ್ಪು ಡಿಕಾಕ್ಷನ್ನು ನೋಡಲು ಭಯಂಕರ, ಒಳಗೆ ಕೆಫೀನ್ ಕಡಿಮೆ.

ಶಾಲೆಯಿರುವ ದಿನಗಳಲ್ಲಿ ಅವರು ಬೆಳಿಗ್ಗೆ ಐದೂವರೆಗೆ ಒಂದು ಲೋಟ, ಎಂಟಕ್ಕೆ ಹೊರಡುವ ಮುನ್ನ ಇನ್ನೊಂದು, ಹನ್ನೊಂದಕ್ಕೆ ಸ್ಟಾಫ್ ರೂಮಿನಲ್ಲಿ ಚಹಾ, ಸಂಜೆ ನಾಲ್ಕೂವರೆಗೆ ಮನೆಗೆ ಬಂದು ಮತ್ತೊಂದು ಕಾಫಿ ಕುಡಿಯುತ್ತಿದ್ದರು. ಒಟ್ಟು 340 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400ರವರೆಗೆ ತೊಂದರೆಯಿಲ್ಲ ಎನ್ನುತ್ತಾರೆ. ಮೈಗ್ರೇನ್ ಇರುವವರು 200ರೊಳಗೆ ಇರುವುದು ಲೇಸು.

ಆರು ವಾರ ಕಳೆದು ನೋಟ್‌ಬುಕ್ ಬಂತು. ನಲವತ್ತೆರಡು ದಿನಗಳಲ್ಲಿ ಹದಿನಾರು ದಿನ ತಲೆನೋವು. ಅದರಲ್ಲಿ ಐದು ಭಾನುವಾರಗಳು! ಇದ್ದ ಆರು ಭಾನುವಾರಗಳಲ್ಲಿ ಐದು. ರಜೆಯ ದಿನ, ಆರಾಮವಾಗಿ ಇರಬೇಕಾದ ದಿನವೇ ತಲೆನೋವು ಏಕೆ? ಮನೆಯವರು ಆಗಲೇ ಒಂದು ಕಾರಣ ಹುಡುಕಿಟ್ಟಿದ್ದರು: ಭಾನುವಾರ ಕೆಲಸ ಹೆಚ್ಚು, ನೆಂಟರು ಬರುತ್ತಾರೆ, ಅದಕ್ಕೇ ಇವಳಿಗೆ ನೆಪ. ಅತ್ತೆಯವರ ಮಾತಿರಬೇಕು, ನಾನು ಕೇಳಲಿಲ್ಲ.

ಕಾರಣ ನೋಟ್‌ಬುಕ್ಕಿನ ಶನಿವಾರದ ಸಾಲಿನಲ್ಲಿತ್ತು. ಶನಿವಾರ ಬೆಳಗಿನ ಶಾಲೆ. ಐದೂವರೆಗೆ ಒಂದು ಲೋಟ, ಏಳಕ್ಕೆ ಒಂದು ಲೋಟ, ಓಡಿದರು. ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಮಲಗಿದರೆ ಏಳುವುದು ಐದು ಗಂಟೆಗೆ. ಆ ಹೊತ್ತಿನಲ್ಲಿ ಕಾಫಿ ಕುಡಿದರೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬಿಡುತ್ತಿದ್ದರು. ಭಾನುವಾರ ಏಳುವುದು ಏಳೂವರೆಗೆ. ಸ್ನಾನ, ಪೂಜೆ ಮುಗಿಸಿ ಕಾಫಿ ಲೋಟ ಹಿಡಿಯುವುದು ಒಂಬತ್ತಕ್ಕೆ. ಶನಿವಾರ ಏಳರಿಂದ ಭಾನುವಾರ ಒಂಬತ್ತಕ್ಕೆ ಇಪ್ಪತ್ತಾರು ಗಂಟೆ. ಬೇರೆ ದಿನಗಳಲ್ಲಿ ಸಂಜೆ ನಾಲ್ಕೂವರೆಯಿಂದ ಮರುದಿನ ಐದೂವರೆಗೆ ಬರೀ ಹದಿಮೂರು ಗಂಟೆಯ ಅಂತರ. ಭಾನುವಾರ ಏಳುವಾಗಲೇ ತಲೆ ಭಾರ ಎಂದು ಐದು ಸಲವೂ ಬರೆದಿದ್ದರು. ಮೂರು ಸಲ ಒಂಬತ್ತರ ಕಾಫಿಯಾಗಿ ಹತ್ತರೊಳಗೆ ಇಳಿದಿತ್ತು. ಎರಡು ಸಲ ಇಳಿಯದೆ ಎಡಗಡೆಗೆ ತಿರುಗಿ, ವಾಂತಿಯಾಗಿ, ಕತ್ತಲೆ ಕೋಣೆಯಲ್ಲಿ ಇಡೀ ದಿನ ಮಲಗಿದ್ದರು. ಅದೇ ನೋಟ್‌ಬುಕ್ಕಿನಲ್ಲಿ ಒಂದು ಏಕಾದಶಿಯೂ ಇತ್ತು. ಆ ದಿನ ಹೊಟ್ಟೆಗೆ ಅನ್ನವಿಲ್ಲ ಎಂದು ತಲೆನೋವು ಬಂತು ಎಂದುಕೊಂಡಿದ್ದರು. ಉಪವಾಸವೂ ಮೈಗ್ರೇನ್ ಕೆರಳಿಸುವುದುಂಟು, ಆದರೆ ಆ ದಿನ ಅವರು ಕಾಫಿಯನ್ನೂ ಮುಟ್ಟಿರಲಿಲ್ಲ. ರಂಜಾನ್ ಉಪವಾಸದ ಮೊದಲ ದಿನಗಳಲ್ಲಿ ಮಧ್ಯಾಹ್ನದ ಮೇಲೆ ತಲೆ ಸಿಡಿಯುತ್ತದೆ ಎಂದು ಬರುವವರಲ್ಲೂ ಎಷ್ಟೋ ಸಲ ಇದೇ ಕಾರಣ. ಅವರಿಗೆ ನಾನು ಹೇಳುವುದು, ರಂಜಾನ್‌ಗೆ ಎರಡು ವಾರ ಮೊದಲಿನಿಂದ ಲೋಟ ಇಳಿಸುತ್ತ ಬನ್ನಿ, ಉಪವಾಸದ ದಿನಗಳಲ್ಲಿ ಸಹರಿಯ ಹೊತ್ತಿಗೆ ಒಂದು ಲೋಟ ಇಟ್ಟುಕೊಳ್ಳಿ ಎಂದು.

ಇನ್ನು ನಾಲ್ಕು ದಿನದ ನೋವು ಪರೀಕ್ಷೆಯ ಪೇಪರು ತಿದ್ದುವ ವಾರದ್ದು. ಆ ವಾರ ದಿನಕ್ಕೆ ಆರು ಲೋಟ, ರಾತ್ರಿ ಒಂದು ಗಂಟೆಗೆ ನಿದ್ದೆ. ಕಾಫಿಯೇ ದಾಳಿಗೆ ಕಾರಣವಾಗುವ ಇನ್ನೊಂದು ಬಗೆ ಇದು. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಲೋಟದಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿದೆ. ನಿದ್ದೆ ಕೆಟ್ಟರೆ ಮೈಗ್ರೇನ್ ಬರುವುದು ಈ ಕಾಯಿಲೆಯವರಿಗೆಲ್ಲ ಗೊತ್ತು. ಅಮೆರಿಕದಲ್ಲಿ 98 ಮಂದಿ ಮೈಗ್ರೇನ್ ರೋಗಿಗಳು ಆರು ವಾರ ಹೀಗೇ ದಿನಚರಿ ಬರೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೆರಡು ಲೋಟದಷ್ಟು ಕೆಫೀನ್ ಕುಡಿದ ದಿನಗಳಿಗೂ ತಲೆನೋವಿಗೂ ಒಟ್ಟಾರೆ ಸಂಬಂಧ ಕಾಣಲಿಲ್ಲ, ಮೂರು ಅಥವಾ ಹೆಚ್ಚು ಕುಡಿದ ದಿನಗಳಲ್ಲಿ ತಲೆನೋವು ಹೆಚ್ಚಾಗಿ ಕಂಡಿತು. ಅಪರೂಪಕ್ಕೆ ಕುಡಿಯುವವರಿಗೆ ಒಂದೆರಡೂ ಹೆಚ್ಚಾಗುವುದುಂಟು. ಇಂಥ ದಿನಚರಿಯಿಂದ ಕಾರಣ ಪೂರ್ತಿ ಸಾಬೀತಾಗುವುದಿಲ್ಲ, ಆದರೂ ನನ್ನ ಅನುಭವಕ್ಕೆ ಇದು ಒಪ್ಪುತ್ತದೆ.

ಕಾರಣ ಸಾಬೀತಾಗುವುದಿಲ್ಲ ಎನ್ನಲು ಒಂದು ಕುತೂಹಲದ ಸಂಗತಿಯಿದೆ. ಮೈಗ್ರೇನ್ ನೋವಿಗೆ ಎಷ್ಟೋ ಗಂಟೆ ಮೊದಲೇ, ಕೆಲವರಿಗೆ ಹಿಂದಿನ ದಿನವೇ, ಮುನ್ಸೂಚನೆಗಳು ಶುರುವಾಗುತ್ತವೆ. ಒಂದೇ ಸಮನೆ ಆಕಳಿಕೆ, ಮಂಕು, ಕತ್ತು ಬಿಗಿತ, ಏನಾದರೂ ಬೇಕೆನ್ನುವ ಚಪಲ. ಮಂಕು ಕಳೆಯಲು ಮನುಷ್ಯ ಏನು ಮಾಡುತ್ತಾನೆ? ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿಯುತ್ತಾನೆ. ನಾಲ್ಕು ಗಂಟೆ ಬಿಟ್ಟು ತಲೆನೋವು ಬಂದಾಗ ಆ ಲೋಟದ ಮೇಲೆ ತಪ್ಪು ಹೊರಿಸುತ್ತಾನೆ. ದಾಳಿ ಅದಾಗಲೇ ಹೊರಟಿತ್ತು, ಕಾಫಿ ದಾರಿಯಲ್ಲಿ ಸಿಕ್ಕಿತಷ್ಟೆ. ಸಾವಿತ್ರಮ್ಮನವರ ಪುಸ್ತಕದಲ್ಲಿ ‘ಮೂರು ಗಂಟೆಯಿಂದ ಬರೀ ಆಕಳಿಕೆ, ಒಂದು ಕಾಫಿ ಜಾಸ್ತಿ’ ಎಂದು ಎರಡು ಕಡೆ ಇತ್ತು, ಎರಡೂ ಸಲ ರಾತ್ರಿ ನೋವು. ಯಜಮಾನರು ಆ ಎರಡು ಸಾಲಿಗೆ ಕೆಂಪು ಗೆರೆ ಎಳೆದುಕೊಂಡು ಬಂದಿದ್ದರು, ತಮ್ಮ ವಾದಕ್ಕೆ ಸಾಕ್ಷಿ ಎಂದು. ಆ ಸಾಕ್ಷಿಯನ್ನು ನಾನು ಒಪ್ಪಲಿಲ್ಲ.

ಮೂರು ದಿನದ ನೋವು ಮುಟ್ಟಿನ ಸಮಯದ್ದು. ಉಳಿದ ಮೂರಕ್ಕೆ, ಆಕಳಿಕೆಯ ಆ ಎರಡೂ ಸೇರಿ, ಕಾರಣ ಸಿಗಲಿಲ್ಲ. ಎಲ್ಲಕ್ಕೂ ಕಾರಣ ಸಿಗುವುದೂ ಇಲ್ಲ.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ‘ಏನು ನುಂಗಿದರು’ ಎಂಬ ಸಾಲು. ಮೊದಲ ದಿನ, ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ ಇಲ್ಲ ಎಂದಿದ್ದರು. ಪುಸ್ತಕದಲ್ಲಿ ಹದಿನಾಲ್ಕು ದಿನ ಅಂಗಡಿಯ ಮಾತ್ರೆ ಇತ್ತು. ಅದನ್ನು ಅವರು ಔಷಧಿ ಎಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಚೀಟಿಯ ಹಿಂದೆ ಸಣ್ಣ ಅಕ್ಷರ ಓದಿದರೆ ಅದರಲ್ಲೂ 50 ಮಿಲಿಗ್ರಾಂ ಕೆಫೀನ್. ಆರು ವಾರಕ್ಕೆ ಹದಿನಾಲ್ಕು ದಿನ ಎಂದರೆ ತಿಂಗಳಿಗೆ ಹತ್ತು. ಎರಡು ಮೂರು ಔಷಧಿ ಬೆರೆತ ಇಂಥ ಮಾತ್ರೆಗಳನ್ನು ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು, ಮೂರು ತಿಂಗಳ ಮೇಲೆ ನುಂಗುತ್ತ ಹೋದರೆ, ಮಾತ್ರೆಯೇ ತಲೆನೋವು ಹುಟ್ಟಿಸತೊಡಗುತ್ತದೆ. ಮೈಗ್ರೇನ್‌ಗೆಂದು ಅರ್ಗಟಮಿನ್ ಜೊತೆ ಕೆಫೀನ್ ಬೆರೆಸಿದ ಮಾತ್ರೆಗಳಿಗೂ ಇದೇ ಮಿತಿ. ತಿಂಗಳಿಗೆ ಎರಡು ದಾಳಿಯಿದ್ದವರು ಹೀಗೆ ದಿನ ಬಿಟ್ಟು ದಿನ ನರಳುವ ಸ್ಥಿತಿಗೆ ಬಂದಿರುವುದನ್ನು ನೋಡಿದ್ದೇನೆ. ಕಾಫಿಗಿಂತ ಈ ಮಾತ್ರೆಯ ಚಟವೇ ಬಿಡಿಸಲು ಕಷ್ಟ, ಏಕೆಂದರೆ ಯಾರೂ ಅದನ್ನು ಚಟ ಎಂದು ಒಪ್ಪುವುದಿಲ್ಲ.

ಕಾಫಿ ಪೂರ್ತಿ ಬಿಟ್ಟುಬಿಡಲೇ ಎಂದು ಕೇಳಿದರು. ಒಂದೇ ದಿನದಲ್ಲಿ ಬಿಟ್ಟರೆ ಒಂದು ವಾರದ ನರಕ ಖಂಡಿತ, ಎರಡನೇ ದಿನವೇ ಮತ್ತೆ ಹಿಡಿಯುತ್ತೀರಿ ಎಂದೆ. ಮೊದಲು ಪ್ರಮಾಣವನ್ನು ಮುಟ್ಟದೆ ಹೊತ್ತನ್ನು ಸರಿಮಾಡಿದೆವು. ಶನಿವಾರ ಮಧ್ಯಾಹ್ನ ಮಲಗುವುದು ಒಂದು ಗಂಟೆ ಮಾತ್ರ, ನಾಲ್ಕೂವರೆಗೆ ಲೋಟ. ಭಾನುವಾರವೂ ಆರು ಗಂಟೆಯೊಳಗೆ ಮೊದಲ ಲೋಟ, ಬೇಕಾದರೆ ಕುಡಿದು ಮತ್ತೆ ಮಲಗಲಿ. ಪೂಜೆಗೆ ಮೊದಲು ಕಾಫಿಯೇ ಎಂದು ಅನುಮಾನಿಸಿದರು. ಆ ವ್ಯವಹಾರವನ್ನು ಮನೆಯಲ್ಲೇ ಇತ್ಯರ್ಥ ಮಾಡಿಕೊಳ್ಳಿ ಎಂದೆ. ಎರಡು ವಾರ ಹೀಗೆ ನಡೆದ ಮೇಲೆ ಇಳಿಸಲು ಶುರು. ಮೊದಲ ವಾರ ಸಂಜೆಯ ಲೋಟಕ್ಕೆ ಅರ್ಧ ಡಿಕಾಕ್ಷನ್, ಉಳಿದದ್ದು ಹಾಲು. ಎರಡನೇ ವಾರ ಸಂಜೆ ಕಾಫಿಯ ಬದಲು ರಾಗಿ ಮಾಲ್ಟು ಅಥವಾ ಕೊತ್ತಂಬರಿ ಜೀರಿಗೆ ಕಷಾಯ. ಮೂರನೇ ವಾರ ಎಂಟು ಗಂಟೆಯ ಲೋಟವೂ ಅರ್ಧ. ಸ್ಟಾಫ್ ರೂಮಿನ ಚಹಾವನ್ನು ಮುಟ್ಟಲಿಲ್ಲ, ಸಹೋದ್ಯೋಗಿಗಳ ಜೊತೆ ಕೂರುವ ಹತ್ತು ನಿಮಿಷ ಅದು. ಕೊನೆಗೆ ಉಳಿದದ್ದು ನೂರು, ಐವತ್ತು, ನಲವತ್ತು, ಒಟ್ಟು 190. ಲೋಟದ ಸಂಖ್ಯೆಗಿಂತ ಪುಡಿಯ ಚಮಚ ಎಣಿಸಿ ಇಳಿಸುವುದು ಸುಲಭ. ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಕೆಫೀನ್ ಬೆರೆತ ಮಾತ್ರೆ ನಿಲ್ಲಿಸಿ, ನೋವಿನ ಆರಂಭದಲ್ಲೇ ನುಂಗಲು ಬೇರೆ ಮಾತ್ರೆ ಕೊಟ್ಟೆ, ವಾರಕ್ಕೆ ಎರಡು ದಿನ ಮೀರದಂತೆ. ಆರಂಭದಲ್ಲೇ ಎನ್ನುವುದು ಮುಖ್ಯ. ಮೈಗ್ರೇನ್ ಜೋರಾದ ಮೇಲೆ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ಮಾತ್ರೆ ಅಲ್ಲೇ ಕೂತಿರುತ್ತದೆ.

ಮೂರು ತಿಂಗಳ ನಂತರ ಮತ್ತೆ ಆರು ವಾರದ ಲೆಕ್ಕ ತಂದರು. ತಲೆನೋವು ಏಳು ದಿನ. ಭಾನುವಾರ ಒಂದೇ, ಅದೂ ಮದುವೆಗೆಂದು ರಾತ್ರಿ ಬಸ್ಸಿನಲ್ಲಿ ಹೋದ ದಿನ. ಮುಟ್ಟಿನ ಮೂರು ದಿನ ಹಾಗೆಯೇ ಇವೆ. ಅದಕ್ಕೆ ಕಾಫಿಯ ಲೆಕ್ಕಾಚಾರ ಸಾಲದು, ತಡೆಯುವ ಔಷಧಿಯ ವಿಚಾರ ಈಗ ಮಾತಾಡುತ್ತಿದ್ದೇವೆ.

ಹಾಗಾದರೆ ಕಾಫಿಯನ್ನು ಮದ್ದಾಗಿ ಬಳಸಬಹುದಾದವರು ಯಾರು? ದಿನಕ್ಕೆ ಒಂದು ಲೋಟ ಕುಡಿಯುವವರು, ಅಥವಾ ಕುಡಿಯದೇ ಇರುವವರು. ಅವರ ಮಿದುಳಿನಲ್ಲಿ ಸೀಟುಗಳು ಹೆಚ್ಚಾಗಿರುವುದಿಲ್ಲ, ಅದಕ್ಕೇ ಒಂದು ಲೋಟಕ್ಕೆ ಬೆಲೆಯಿದೆ. ನೋವು ಶುರುವಾದ ಅರ್ಧ ಗಂಟೆಯೊಳಗೆ, ವೈದ್ಯರು ಹೇಳಿದ ಪ್ರಮಾಣದ ಪ್ಯಾರಸಿಟಮಾಲ್ ಜೊತೆ, ಸ್ವಲ್ಪ ಏನಾದರೂ ತಿಂದು ಒಂದು ಲೋಟ ಗಟ್ಟಿ ಕಾಫಿ. ಸಂಜೆ ನಾಲ್ಕರ ನಂತರ ಬೇಡ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಗರ್ಭಿಣಿಯರ ದೇಹದಿಂದ ಕೆಫೀನ್ ಹೋಗಲು ಮಾಮೂಲಿಗಿಂತ ಎರಡು ಮೂರು ಪಟ್ಟು ಹೊತ್ತು ಬೇಕು, ಅವರು ದಿನಕ್ಕೆ 200 ಮಿಲಿಗ್ರಾಂ ದಾಟಬಾರದು.

ಇಷ್ಟು ಓದಿ ಎಲ್ಲ ತಲೆನೋವನ್ನೂ ಕಾಫಿಯ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತಾರಕಕ್ಕೇರುವ ನೋವು, ಜ್ವರದ ಜೊತೆ ಕತ್ತು ಬಗ್ಗಿಸಲಾಗದ ನೋವು, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದರ ಜೊತೆ ಬಂದ ನೋವು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಇವಕ್ಕೆ ಅಡುಗೆ ಮನೆಯಲ್ಲಿ ಉತ್ತರವಿಲ್ಲ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವನ್ನೂ ತಡಮಾಡದೆ ವೈದ್ಯರಿಗೆ ತೋರಿಸಿ.

ಸಾವಿತ್ರಮ್ಮನವರ ಯಜಮಾನರು ಕಳೆದ ವಾರ ಒಬ್ಬರೇ ಬಂದಿದ್ದರು. ಮನೆಯಲ್ಲಿ ಡಿಕಾಕ್ಷನ್ ತೆಳುವಾದಾಗಿನಿಂದ ಭಾನುವಾರ ಬೆಳಿಗ್ಗೆ ತಮಗೂ ತಲೆ ಭಾರವಂತೆ. ಒಂದು ನೋಟ್‌ಬುಕ್ ಕೊಂಡುಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ.